ಎಸ್‌ಎಸ್‌ಡಿ ತುಂಬಿದ ಮೇಲೆ ಗೇಮ್ ಲೋಡ್ ಆಗೋಕೆ ಎರಡು ನಿಮಿಷ: ಓದೋದಕ್ಕೂ ಖಾಲಿ ಜಾಗಕ್ಕೂ ಏನ್ ಸಂಬಂಧ?

ಸಾಲಗಾಮೆ ರೋಡ್ (ಹಾಸನ)

ನಮಸ್ಕಾರ ಎಲ್ರಿಗೂ. ನಂದು ಎರಡು ವರ್ಷದ ಹಳೇ ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಬೇರೆ ಡಿಸ್ಕ್ ಇಲ್ಲ. ವಿಂಡೋಸ್‌ನಲ್ಲಿ 476 ಅಂತ ತೋರಿಸುತ್ತೆ. ಅದನ್ನ ಸಿ 150, ಡಿ 326 ಅಂತ ಪಾರ್ಟಿಷನ್ ಮಾಡ್ಕೊಂಡಿದೀನಿ. ಈಗ ಸಿ-ಯಲ್ಲಿ 4 ಜಿಬಿ, ಡಿ-ಯಲ್ಲಿ 7 ಜಿಬಿ ಉಳಿದಿದೆ. ಎರಡೂ ಗೆರೆ ಕೆಂಪಾಗಿವೆ.

ಡಿ-ಯಲ್ಲಿ 110 ಜಿಬಿಯ ಒಂದು ಓಪನ್‌ವರ್ಲ್ಡ್ ಗೇಮ್ ಇದೆ. ಮೊದಲೆಲ್ಲ ಸೇವ್ ಒತ್ತಿದ್ರೆ ಅರ್ಧ ನಿಮಿಷದಲ್ಲಿ ಆಟದೊಳಗೆ ಇರ್ತಿದ್ದೆ. ಮೊನ್ನೆ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇಟ್ಟು ನೋಡಿದ್ರೆ 1 ನಿಮಿಷ 50 ಸೆಕೆಂಡ್. ಒಳಗೆ ಹೋದ ಮೇಲೂ ಗಾಡಿ ಜೋರಾಗಿ ಓಡಿಸಿದ್ರೆ ಮುಂದಿನ ಕಟ್ಟಡಗಳು ಮಸುಕಾಗಿ ಬಂದು ಆಮೇಲೆ ಸ್ಪಷ್ಟ ಆಗ್ತವೆ.

ನಂಗೆ ಅರ್ಥ ಆಗದೇ ಇರೋದು ಇಷ್ಟೇ. ಲೋಡ್ ಆಗೋದು ಅಂದ್ರೆ ಇರೋ ಫೈಲನ್ನ ಓದೋದು ತಾನೆ? ಪಕ್ಕದಲ್ಲಿ ಜಾಗ ಖಾಲಿ ಇದ್ರೆಷ್ಟು ಬಿಟ್ರೆಷ್ಟು? ಇಲ್ಲಾ ನನ್ನ ಎಸ್‌ಎಸ್‌ಡಿ ಸವೆದುಹೋಗ್ತಿದ್ಯಾ? ದಯವಿಟ್ಟು ಗೇಮ್ ಅಳಿಸು ಅನ್ಬೇಡಿ. ಹಾಸ್ಟೆಲ್ ವೈಫೈಯಲ್ಲಿ 110 ಜಿಬಿ ಮತ್ತೆ ಇಳಿಸೋದು ಆಗದ ಮಾತು. ಊರು ಮೂಡಿಗೆರೆ ಹತ್ರ, ಅಲ್ಲಿ ಮಳೆಗಾಲದಲ್ಲಿ ಕರೆಂಟ್ ಇದ್ರೆ ನೆಟ್ ಇರಲ್ಲ, ನೆಟ್ ಇದ್ರೆ ಕರೆಂಟ್ ಇರಲ್ಲ.

---

ಬೇಲೂರ್ ಬಾಯ್

ಗುರು, ಎಸ್‌ಎಸ್‌ಡಿಯಲ್ಲಿ ಯಾವಾಗ್ಲೂ ನೂರಕ್ಕೆ 20ರಷ್ಟು ಖಾಲಿ ಬಿಡ್ಬೇಕು. ಬಿಡ್ಲಿಲ್ಲ ಅಂದ್ರೆ ಓದೋದು, ಬರೆಯೋದು ಎರಡೂ ಅರ್ಧಕ್ಕೆ ಇಳಿಯುತ್ತೆ. ಟ್ರಿಮ್ ಆಫ್ ಆಗಿರ್ಬೇಕು, ಆನ್ ಮಾಡಿ ಒಂದು ಸಲ ಓಡಿಸು, ಜಾಗ ಕ್ಲೀನ್ ಆಗುತ್ತೆ. ನನ್ನ ಡೆಸ್ಕ್‌ಟಾಪ್‌ನಲ್ಲಿ ಹಾಗೆ ಮಾಡಿದ ಮೇಲೆ ಹೊಸದರ ಹಾಗೆ ಓಡ್ತಿದೆ.

---

ಅರಸೀಕೆರೆ ಎಕ್ಸ್‌ಪ್ರೆಸ್

ನಂಗೂ ಇದೇ ತೊಂದರೆ ಅಣ್ಣ. 128 ಜಿಬಿ ಫೋನಲ್ಲಿ 2 ಜಿಬಿ ಉಳಿದಿದೆ, ಬಿಜಿಎಂಐ ತೆರೆಯೋಷ್ಟರಲ್ಲಿ ನನ್ನ ಸ್ಕ್ವಾಡ್‌ನವ್ರು ಇಳಿದು ಗನ್ ಎತ್ಕೊಂಡಿರ್ತಾರೆ. ಫೋನಲ್ಲಿ ಟ್ರಿಮ್ ಮಾಡೋ ಆ್ಯಪ್ ಯಾವುದು? ಪ್ಲೇ ಸ್ಟೋರಲ್ಲಿ ತುಂಬಾ ಇವೆ, ಎಲ್ಲ ರೂಟ್ ಕೇಳ್ತವೆ.

---

ಹಾಸನ್ ಪಿಸಿ ಬಿಲ್ಡ್

ಬೇಲೂರ್ ಬಾಯ್, ಓದೋ ಸ್ಪೀಡ್ ಅರ್ಧ ಆಗುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಅಂಗಡಿಯಲ್ಲಿ ಹತ್ತಾರು ಡ್ರೈವ್ ನೋಡಿದೀನಿ. ತುಂಬಿದ ಡ್ರೈವ್‌ಗೂ ಖಾಲಿ ಡ್ರೈವ್‌ಗೂ ಬೆಂಚ್‌ಮಾರ್ಕ್‌ನಲ್ಲಿ ಓದೋ ಅಂಕಿ ಹೆಚ್ಚು ಕಮ್ಮಿ ಒಂದೇ ಬರುತ್ತೆ, ಬೀಳೋದು ಬರೆಯೋ ಅಂಕಿ ಮಾತ್ರ. ತಮ್ಮಾ, ನಿನ್ನ ಲೋಡಿಂಗ್ ತಡ ಆಗ್ತಿರೋದು ಡಿಸ್ಕ್‌ನಿಂದಲೇ ಅಂತ ಏನ್ ಗ್ಯಾರಂಟಿ? ಜಿಟಿಎ ಆನ್‌ಲೈನ್ ನೆನಪಿದ್ಯಾ? ವರ್ಷಗಟ್ಟಲೆ ಎಲ್ರೂ ಡಿಸ್ಕ್‌ಗೆ ಬೈದ್ರು. 2021ರಲ್ಲಿ ಒಬ್ಬ ಆಟಗಾರ ಕೋಡ್ ಬಿಚ್ಚಿ ನೋಡಿದ್ರೆ, 10 ಎಂಬಿಯ ಒಂದು ಪಟ್ಟಿ ಫೈಲನ್ನ ಪ್ರೊಸೆಸರ್‌ನ ಒಂದೇ ಕೋರ್ ಒದ್ದಾಡ್ಕೊಂಡು ಓದ್ತಿತ್ತು. ಅದೇ ಮಾರ್ಚ್‌ನಲ್ಲಿ ಕಂಪನಿಯವ್ರು ಸರಿ ಮಾಡಿದ್ರು. ಡಿಸ್ಕ್‌ಗೂ ಅದಕ್ಕೂ ಸಂಬಂಧಾನೇ ಇರ್ಲಿಲ್ಲ.

---

ಕಣದ ಮನೆ (ಚಿಕ್ಕಮಗಳೂರು)

ಪಿಸಿ ಬಿಲ್ಡ್ ಅವ್ರು ಹೇಳಿದ್ದು ಅಳತೆಯ ಮಟ್ಟಿಗೆ ಸರಿ. ಆದ್ರೆ ಬೆಂಚ್‌ಮಾರ್ಕ್ ಓದುವಾಗ ಡ್ರೈವ್‌ಗೆ ಬೇರೆ ಕೆಲಸ ಕೊಟ್ಟಿರಲ್ಲ. ಗೇಮ್ ಲೋಡ್ ಆಗುವಾಗ ಹಾಗಿರಲ್ಲ. ವ್ಯತ್ಯಾಸ ಇರೋದು ಅಲ್ಲೇ. ನಾನು ಬೆಂಗಳೂರಲ್ಲಿ ಎಸ್‌ಎಸ್‌ಡಿ ಫರ್ಮ್‌ವೇರ್ ಪರೀಕ್ಷೆ ಮಾಡೋ ಕಡೆ ಕೆಲವು ವರ್ಷ ಇದ್ದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಫ್ಲ್ಯಾಶ್ ಮೆಮೊರಿಯಲ್ಲಿ ಬರೆದ ಜಾಗದ ಮೇಲೇ ಮತ್ತೆ ಬರೆಯೋಕೆ ಆಗಲ್ಲ. ಮೊದಲು ಅಳಿಸ್ಬೇಕು. ಬರೆಯೋದು ಚಿಕ್ಕ ಪುಟಗಳಲ್ಲಿ, ಒಂದೊಂದು 16 ಕೆಬಿ ಆಸುಪಾಸು. ಅಳಿಸೋದು ಮಾತ್ರ ನೂರಾರು, ಸಾವಿರಾರು ಪುಟ ಇರೋ ಇಡೀ ಬ್ಲಾಕ್. ನಮ್ಮ ಕಡೆಯವ್ರಿಗೆ ಕಾಫಿ ಕಣ ನೆನಪಿಸಿಕೊಂಡ್ರೆ ಸಾಕು. ಹೊಸ ಹಣ್ಣು ಹರಡ್ಬೇಕಾದ್ರೆ ಒಂದು ಅಂಕಣ ಪೂರ್ತಿ ಬರಿದಾಗ್ಬೇಕು. ಅದರಲ್ಲಿ ಇನ್ನೂ ಒಣಗ್ತಿರೋದು ಸ್ವಲ್ಪ ಇದ್ರೆ ಅದನ್ನ ಬಾಚಿ ಇನ್ನೊಂದು ಮೂಲೆಗೆ ಹಾಕ್ಬೇಕು. ಕಣ ಅರ್ಧ ಖಾಲಿ ಇದ್ರೆ ಇದು ಕೆಲಸವೇ ಅಲ್ಲ. ಪೂರ್ತಿ ತುಂಬಿದ್ರೆ ಆಳುಗಳೆಲ್ಲ ಬಾಚಿ ಸುರಿಯೋದ್ರಲ್ಲೇ ಇರ್ತಾರೆ, ಹೊಸ ಹಣ್ಣಿನ ಟ್ರ್ಯಾಕ್ಟರ್ ಗೇಟಲ್ಲೇ ನಿಂತಿರುತ್ತೆ. ಡ್ರೈವ್ ಒಳಗೆ ಈ ಬಾಚೋ ಕೆಲಸಕ್ಕೆ ಗಾರ್ಬೇಜ್ ಕಲೆಕ್ಷನ್ ಅಂತಾರೆ.

ಈಗ ಓದೋ ವಿಷಯ. ಒಂದು ಪುಟ ಓದೋಕೆ ಸುಮಾರು ನೂರು ಮೈಕ್ರೋಸೆಕೆಂಡ್ ಅಂದ್ಕೊಳ್ಳಿ. ಒಂದು ಬ್ಲಾಕ್ ಅಳಿಸೋಕೆ ಹಲವು ಮಿಲಿಸೆಕೆಂಡ್, ಅಂದ್ರೆ ಅದರ ಹತ್ತಾರು ಪಟ್ಟು. ನಿಮ್ಮ ಗೇಮ್ ಕೇಳಿದ ಪುಟ ಇರೋ ಚಿಪ್‌ನಲ್ಲೇ ಆ ಹೊತ್ತಿಗೆ ಅಳಿಸೋ ಕೆಲಸ ನಡೀತಿದ್ರೆ, ಓದು ಕಾಯಬೇಕಾಗುತ್ತೆ. ಗೇಮ್ ಒಂದೇ ದೊಡ್ಡ ಫೈಲನ್ನ ನೇರ ಓದಲ್ಲ. ಇಲ್ಲೊಂದು ಚೂರು, ಅಲ್ಲೊಂದು ಚೂರು ಅಂತ ಸಾವಿರಾರು ಸಲ ಕೇಳುತ್ತೆ, ಎಷ್ಟೋ ಸಲ ಹಿಂದಿನದು ಬಂದ ಮೇಲೆ ಮಾತ್ರ ಮುಂದಿನದು ಕೇಳುತ್ತೆ. ಹಾಗಾಗಿ ಒಂದೊಂದು ಕಾಯುವಿಕೆಯೂ ಕೂಡ್ತಾ ಹೋಗುತ್ತೆ.

ಒಟ್ಟಿನಲ್ಲಿ ತುಂಬಿದ ಡ್ರೈವ್ ತಾನಾಗಿ ಓದು ನಿಧಾನ ಮಾಡಲ್ಲ. ತುಂಬಿದ ಡ್ರೈವ್‌ನಲ್ಲಿ ಬರವಣಿಗೆ ದುಬಾರಿ ಆಗುತ್ತೆ, ಆ ಬರವಣಿಗೆ ಓದಿನ ದಾರಿಗೆ ಅಡ್ಡ ಬರುತ್ತೆ. ನಿಮ್ಮ ವಿಷಯದಲ್ಲಿ ಕೇಳ್ಬೇಕಾದ ಪ್ರಶ್ನೆ, ಗೇಮ್ ಲೋಡ್ ಆಗ್ತಿರುವಾಗ ಯಾರು ಬರೀತಿದ್ದಾರೆ ಅನ್ನೋದು.

ಸಾಲಗಾಮೆ ರೋಡ್, ಲೋಡ್ ಶುರು ಮಾಡಿ ಟಾಸ್ಕ್ ಮ್ಯಾನೇಜರ್‌ನ ಡಿಸ್ಕ್ ಪುಟ ನೋಡಿ. ಓದು ಎಷ್ಟು, ಬರಹ ಎಷ್ಟು, ಸರಾಸರಿ ಪ್ರತಿಕ್ರಿಯೆ ಸಮಯ ಎಷ್ಟು ಮಿಲಿಸೆಕೆಂಡ್ ಅಂತ ಬರ್ಕೊಳ್ಳಿ. ಆಮೇಲೆ `resmon` ತೆರೆದು ಡಿಸ್ಕ್ ಭಾಗದಲ್ಲಿ ಬರಹದ ಕಾಲಂ ಮೇಲೆ ಒತ್ತಿ. ಯಾವ ಫೈಲ್ ಮೇಲೆ ಬರುತ್ತೋ ಅದು ಹೇಳಿ. ಪ್ರೊಸೆಸರ್ ಕಾರಣ ಆಗಿದ್ರೂ ಅಲ್ಲೇ ಗೊತ್ತಾಗುತ್ತೆ, ಡಿಸ್ಕ್ ಸುಮ್ನೆ ಕೂತಿರುತ್ತೆ.

---

ಬೇಲೂರ್ ಬಾಯ್

ಅಕ್ಕ, ಹಾಗಾದ್ರೆ ಟ್ರಿಮ್ ಯಾಕಿರೋದು? ಟ್ರಿಮ್ ಮಾಡಿದ್ರೆ ಆ ಬಾಚೋ ಕೆಲಸ ಇರಲ್ಲ ಅಲ್ವಾ?

---

ಕಣದ ಮನೆ

ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ನೀವು ಫೈಲ್ ಅಳಿಸಿದಾಗ ವಿಂಡೋಸ್ ತನ್ನ ಪಟ್ಟಿಯಿಂದ ಹೆಸರು ತೆಗೆಯುತ್ತೆ ಅಷ್ಟೆ. ಡ್ರೈವ್‌ಗೆ ಯಾರೂ ಹೇಳದಿದ್ರೆ ಆ ಪುಟಗಳು ಇನ್ನೂ ಬೇಕಾದವು ಅಂತಲೇ ಅಂದ್ಕೊಂಡು ಅವನ್ನೂ ಹೊತ್ತು ತಿರುಗುತ್ತೆ. ಇವು ಬೇಡ ಅಂತ ಡ್ರೈವ್‌ಗೆ ತಿಳಿಸೋದೇ ಟ್ರಿಮ್. ವಿಂಡೋಸ್ 7ರಿಂದ ಇದು ತಾನಾಗೇ ಆಗುತ್ತೆ.

ಆದ್ರೆ 465 ಜಿಬಿ ನಿಜವಾಗಿಯೂ ಬೇಕಾದ ಫೈಲೇ ಇದ್ರೆ ಟ್ರಿಮ್‌ಗೆ ಹೇಳೋಕೆ ಏನೂ ಇಲ್ಲ. ಟ್ರಿಮ್ ಜಾಗ ಹುಟ್ಟಿಸಲ್ಲ. ರೀಸೈಕಲ್ ಬಿನ್‌ನಲ್ಲಿ ಇರೋದೂ ಅಳಿಸಿದ್ದು ಅಂತ ಲೆಕ್ಕ ಅಲ್ಲ, ಅದನ್ನ ಬರಿದು ಮಾಡೋವರೆಗೂ ಅದು ಬೇಕಾದ ಫೈಲೇ.

ಆನ್ ಇದ್ಯಾ ಅಂತ ನೋಡೋಕೆ:

```
fsutil behavior query DisableDeleteNotify
```

ಇದರಲ್ಲಿ 0 ಬಂದ್ರೆ ಟ್ರಿಮ್ ಆನ್ ಇದೆ. ಕೇಳ್ತಿರೋದು ಆಫ್ ಮಾಡಿದ್ಯಾ ಅಂತ, ಅದಕ್ಕೆ ಸೊನ್ನೆ ಅಂದ್ರೆ ಇಲ್ಲ ಅಂತ ಉತ್ತರ. ಎಷ್ಟೋ ಜನ ಸೊನ್ನೆ ನೋಡಿ ಗಾಬರಿಯಾಗಿ 1 ಮಾಡಿ ಇರೋದನ್ನೂ ಕೆಡಿಸ್ಕೊಳ್ತಾರೆ.

ಇನ್ನು ಆ 20ರ ಲೆಕ್ಕ. ಅದು ನಿಯಮ ಅಲ್ಲ, ಅಂದಾಜು. ಒಳ್ಳೇ ಟಿಎಲ್‌ಸಿ ಡ್ರೈವ್‌ನಲ್ಲಿ ಹತ್ತರಷ್ಟು ಬಿಟ್ರೂ ಆಟಕ್ಕೆ ತೊಂದರೆ ಕಾಣಲ್ಲ. ಅಗ್ಗದ ಕ್ಯೂಎಲ್‌ಸಿಯಲ್ಲಿ ಇಪ್ಪತ್ತೂ ಸಾಲದೇ ಇರಬಹುದು.

ಅರಸೀಕೆರೆಯವ್ರೇ, ನಿಮ್ದು ಬೇರೆ ಸಾಧನ, ಮೂಲ ಕಾರಣ ಮಾತ್ರ ಒಂದೇ ಜಾತಿ. ಆಂಡ್ರಾಯ್ಡ್ 4.3ರಿಂದ ಫೋನ್ ಸುಮ್ನಿದ್ದು ಚಾರ್ಜ್ ಆಗ್ತಿರುವಾಗ ತಾನೇ ಟ್ರಿಮ್ ಮಾಡ್ಕೊಳ್ಳುತ್ತೆ. ಆ್ಯಪ್ ಬೇಡ, ರೂಟ್ ಮಾಡೋಕೂ ಹೋಗ್ಬೇಡಿ. ವಾಟ್ಸಾಪ್ ವಿಡಿಯೊ ತೆಗೆದು ಹತ್ತು ಹದಿನೈದು ಜಿಬಿ ಬಿಡಿಸಿ, ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿ.

---

ಸಾಲಗಾಮೆ ರೋಡ್

ಅಕ್ಕ, ನೀವು ಹೇಳಿದ ಹಾಗೆ ನೋಡಿದೆ. ಲೋಡ್ ಆಗುವಾಗ ಡಿಸ್ಕ್ 100ಕ್ಕೆ ಅಂಟ್ಕೊಂಡಿದೆ. ಆದ್ರೆ ಓದು ಬರೀ 35 ಎಂಬಿ, ಬರಹ 60 ಎಂಬಿ ತೋರಿಸ್ತಿದೆ. ಪ್ರತಿಕ್ರಿಯೆ ಸಮಯ 180 ಮಿಲಿಸೆಕೆಂಡ್‌ವರೆಗೂ ಹೋಗುತ್ತೆ. ಪ್ರೊಸೆಸರ್ 30ರ ಹತ್ತಿರ ಆರಾಮಾಗಿದೆ.

`resmon`ನಲ್ಲಿ ಮೊದಲು ಬಂದಿದ್ದು `pagefile.sys`. ಅದರ ಕೆಳಗೆ ಗೇಮ್ ಬಾರ್‌ನ ರೆಕಾರ್ಡಿಂಗ್. ನಾನು ಆಡಿದ್ದನ್ನ ಹಿಂದಿನಿಂದ ಸೇವ್ ಮಾಡ್ಕೊಳ್ಳೋಕೆ ಅದನ್ನ ಆನ್ ಇಟ್ಟಿದ್ದೆ. ಮೂರನೇದು ಸ್ಟೀಮ್, ಬೇರೆ ಗೇಮ್‌ದು ಅಪ್‌ಡೇಟ್ ಆಗ್ತಿತ್ತು. ವಿಚಿತ್ರ ಏನಂದ್ರೆ ಸ್ಟೀಮ್‌ನ ಡೌನ್‌ಲೋಡ್ ಪುಟದಲ್ಲಿ ನೆಟ್‌ವರ್ಕ್ ಸೊನ್ನೆ, ಡಿಸ್ಕ್ ಗೆರೆ ಮಾತ್ರ ಏರ್ತಾನೇ ಇದೆ.

ಟ್ರಿಮ್ 0 ಅಂತಲೇ ಬಂತು. ಡ್ರೈವ್ ಮಾಡೆಲ್ ಹುಡುಕಿದೆ, ಕ್ಯೂಎಲ್‌ಸಿ ಅಂತೆ.

---

ಕಣದ ಮನೆ

ಆಯ್ತು, ಚಿತ್ರ ಸ್ಪಷ್ಟ ಆಯ್ತು. ಓದೋ ಕೆಲಸದ ಹೊತ್ತಲ್ಲಿ ಓದಿಗಿಂತ ಬರಹ ಜಾಸ್ತಿ ಇದೆ. ಒಂದೊಂದಾಗಿ ನೋಡೋಣ.

ನಿಮ್ಮ ರ‍್ಯಾಮ್ 8 ಜಿಬಿ. ಗೇಮ್ ಅದಕ್ಕಿಂತ ಹೆಚ್ಚು ಕೇಳ್ತಿದೆ, ಹಾಗಾಗಿ ವಿಂಡೋಸ್ ರ‍್ಯಾಮ್‌ನಲ್ಲಿ ಇದ್ದದ್ದನ್ನ `pagefile.sys`ಗೆ ಇಳಿಸ್ತಿದೆ. ಸಿ-ಯಲ್ಲಿ 4 ಜಿಬಿ ಮಾತ್ರ ಇರೋದ್ರಿಂದ ಆ ಫೈಲ್‌ಗೆ ಬೆಳೆಯೋಕೂ ಜಾಗ ಇಲ್ಲ. ಸ್ಟೀಮ್‌ನಲ್ಲಿ ನೆಟ್‌ವರ್ಕ್ ಸೊನ್ನೆ, ಡಿಸ್ಕ್ ಮೇಲೆ ಅಂದ್ರೆ ಇಳಿಸೋದು ಮುಗಿದು ಪ್ಯಾಚ್ ಹಚ್ತಿದೆ ಅಂತ. ಪ್ಯಾಚ್ ಚಿಕ್ಕದಿರಬಹುದು, ಆದ್ರೆ ಗೇಮ್‌ನ ಫೈಲ್‌ಗಳು ಹತ್ತಾರು ಜಿಬಿಯ ದೊಡ್ಡ ಕಟ್ಟುಗಳು. ಒಳಗೆ ಸ್ವಲ್ಪ ಬದಲಾದ್ರೂ ಇಡೀ ಕಟ್ಟನ್ನ ಹೊಸದಾಗಿ ಬರೆಯೋ ಸಂದರ್ಭ ಬಹಳ.

ಇದೇ ಬರಹ ನಿಮ್ಮ ಡ್ರೈವ್ ಖಾಲಿ ಇದ್ದಾಗ ಯಾಕೆ ಕಾಣ್ತಿರ್ಲಿಲ್ಲ? ಕ್ಯೂಎಲ್‌ಸಿಯಲ್ಲಿ ಒಂದು ಕೋಶದಲ್ಲಿ 4 ಬಿಟ್ ಇಡ್ತಾರೆ. ಹಾಗೆ ಬರೆಯೋದು ಬಹಳ ನಿಧಾನ. ಅದಕ್ಕೆ ಡ್ರೈವ್ ಒಂದು ಉಪಾಯ ಮಾಡುತ್ತೆ. ಖಾಲಿ ಇರೋ ಕೋಶಗಳಲ್ಲಿ ಸದ್ಯಕ್ಕೆ ಒಂದೊಂದೇ ಬಿಟ್ ಸರಸರ ಬರೆದುಕೊಂಡು, ಬಿಡುವಾದಾಗ ನಾಲ್ಕಕ್ಕೆ ಒತ್ತಿ ಜೋಡಿಸುತ್ತೆ. ಎಸ್‌ಎಲ್‌ಸಿ ಕ್ಯಾಶ್ ಅನ್ನೋದು ಇದನ್ನೇ. ಈ ಕ್ಯಾಶ್ ಖಾಲಿ ಜಾಗದಿಂದಲೇ ಹುಟ್ಟೋದು, ಅದೂ ನಾಲ್ಕರಲ್ಲಿ ಒಂದು ಪಾಲು. 140 ಜಿಬಿ ಖಾಲಿ ಇದ್ರೆ ಹೆಚ್ಚಂದ್ರೆ 35 ಜಿಬಿ ವೇಗದ ಜಾಗ. ನಿಮಗೆ ಇರೋ 11 ಜಿಬಿಗೆ 3 ಜಿಬಿಯೂ ಬರಲ್ಲ, ತಯಾರಕರು ಶಾಶ್ವತವಾಗಿ ಇಟ್ಟ ಕೆಲವು ಜಿಬಿ ಇದ್ರೆ ಅದು ಸೇರಿಸ್ಕೊಳ್ಳಿ. ಒಂದು ಪ್ಯಾಚ್ ಅದನ್ನ ನುಂಗಿಬಿಡುತ್ತೆ. ಆಮೇಲಿಂದ ಡ್ರೈವ್ ಒಂದು ಕೈಯಲ್ಲಿ ಹಳೇದನ್ನ ಒತ್ತಿ ಜೋಡಿಸ್ತಾ, ಬ್ಲಾಕ್ ಅಳಿಸ್ತಾ, ಇನ್ನೊಂದು ಕೈಯಲ್ಲಿ ಹೊಸದನ್ನ ತಗೊಳ್ತಾ ಇರುತ್ತೆ. ನಿಮ್ಮ 180 ಮಿಲಿಸೆಕೆಂಡ್ ಅಲ್ಲಿಂದ ಬರ್ತಿರೋದು.

ಇನ್ನೊಂದು ಮಾತು, ಡ್ರೈವ್‌ಗೆ ಸಿ, ಡಿ ಅನ್ನೋದು ಗೊತ್ತೇ ಇಲ್ಲ. ಗೇಮ್ ಡಿ-ಯಲ್ಲಿದೆ, ರೆಕಾರ್ಡಿಂಗ್ ಸಿ-ಯಲ್ಲಿದೆ ಅಂದ್ರೆ ಬೇರೆ ಬೇರೆ ಅಲ್ಲ, ಎರಡೂ ಅದೇ ಚಿಪ್‌ಗಳ ಮೇಲೆ ಬೀಳ್ತವೆ. ಖಾಲಿ ಜಾಗದ ಲೆಕ್ಕವೂ ಹಾಗೆ, ಎರಡರದ್ದೂ ಕೂಡಿಸಿಯೇ ನೋಡ್ಬೇಕು. ಸಿ ಕೆಂಪಾಗಿದ್ದು ಡಿ-ಯಲ್ಲಿ 200 ಜಿಬಿ ಖಾಲಿ ಇದ್ರೆ ಡ್ರೈವ್‌ಗೆ ಕಷ್ಟ ಇಲ್ಲ, ವಿಂಡೋಸ್‌ಗೆ ಮಾತ್ರ ಕಷ್ಟ.

ಮೊದಲು ಏನೂ ಅಳಿಸದೇ ರೆಕಾರ್ಡಿಂಗ್ ಆಫ್ ಮಾಡಿ, ಸ್ಟೀಮ್‌ನಲ್ಲಿ ಆಡುವಾಗ ಡೌನ್‌ಲೋಡ್ ಬೇಡ ಅಂತ ಹಾಕಿ, ರೀಸ್ಟಾರ್ಟ್ ಮಾಡಿ ಅಳೆಯಿರಿ. ಆಮೇಲೆ ಜಾಗ ಬಿಡಿಸೋಣ. ಎರಡೂ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಎಷ್ಟು ಉಳೀತು ಅಂತ ಗೊತ್ತಾಗಲ್ಲ.

ಗೇಮ್ ಅಳಿಸೋದೂ ಬೇಡ. ಒಂದು ಹಳೇ ಹಾರ್ಡ್‌ಡಿಸ್ಕ್ ಸಿಕ್ರೆ ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಅದನ್ನ ಸೇರಿಸಿ, ಸದ್ಯ ಆಡದ ಗೇಮ್‌ಗಳನ್ನ ಅಲ್ಲಿಗೆ ಮೂವ್ ಮಾಡಿ. ಬೇಕಾದಾಗ ನೆಟ್ ಇಲ್ಲದೇ ವಾಪಸ್ ತರಬಹುದು.

---

ಸಕಲೇಶಪುರ ಘಾಟ್

ಮೇಡಂ, ನಂದೊಂದು ಚಿಕ್ಕ ಗೇಮಿಂಗ್ ಸೆಂಟರ್. ಎಲ್ಲ ಸಿಸ್ಟಮ್‌ನಲ್ಲೂ ಅಗ್ಗದ 240 ಜಿಬಿ ಸಾಟಾ ಎಸ್‌ಎಸ್‌ಡಿ. ಹುಡುಗ್ರು ಬಂದು ತಮಗೆ ಬೇಕಾದ ಗೇಮ್ ಹಾಕ್ಕೊಂಡು ಕೊನೇ ಜಿಬಿವರೆಗೂ ತುಂಬಿಸ್ತಾರೆ. ತುಂಬಿದ್ರೆ ಡ್ರೈವ್ ಬೇಗ ಸಾಯುತ್ತೆ ಅಂತಾರೆ, ನಿಜವೇ? ಇನ್ನೊಬ್ರು 20 ಜಿಬಿ ಪಾರ್ಟಿಷನ್ ಮಾಡದೇ ಬಿಡು ಅಂದ್ರು. ಅದರಿಂದ ಏನಾದ್ರೂ ಆಗುತ್ತಾ?

---

ಹಾಸನ್ ಪಿಸಿ ಬಿಲ್ಡ್

ಅದಕ್ಕೇನೂ ಬೇಡ ಸರ್, ಕಂಪನಿಯವ್ರೇ ಮೀಸಲು ಜಾಗ ಇಟ್ಟಿರ್ತಾರೆ. 512 ಕೊಂಡ್ರೆ 476 ಕಾಣೋದು ಅದಕ್ಕೇ.

---

ಕಣದ ಮನೆ

476 ಕಾಣೋದು ಎಣಿಕೆಯ ವ್ಯತ್ಯಾಸದಿಂದ. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತೆ. ಆದ್ರೂ ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಚಿಪ್‌ಗಳನ್ನ 1024ರ ಲೆಕ್ಕದಲ್ಲೇ ಮಾಡೋದ್ರಿಂದ ಒಳಗೆ ಸಾಮಾನ್ಯವಾಗಿ 512 ಪೂರ್ತಿ ಇರುತ್ತೆ, ನಮಗೆ ಕೊಡೋದು 476. ಉಳಿದ ನೂರಕ್ಕೆ ಏಳರಷ್ಟು ಡ್ರೈವ್‌ನ ಸ್ವಂತಕ್ಕೆ. ಆದ್ರೆ ಕೆಟ್ಟ ಬ್ಲಾಕ್, ಡ್ರೈವ್‌ನ ನಕ್ಷೆ ಎಲ್ಲ ಅದರಲ್ಲೇ ಆಗ್ಬೇಕು, ಬಾಚೋಕೆ ಉಳಿಯೋದು ಕಮ್ಮಿ.

ಸಕಲೇಶಪುರದವ್ರೇ, ತುಂಬಿದ್ರೆ ಸವೆತ ಹೆಚ್ಚೋದು ನಿಜ, ಡ್ರೈವ್ ಬರೀ ತುಂಬಿಕೊಂಡು ಕೂತಿದ್ರೆ ಹೆಚ್ಚಲ್ಲ. ತುಂಬಿದ ಡ್ರೈವ್ ಮೇಲೆ ಬರೀತಾ ಇದ್ರೆ, ನೀವು 1 ಜಿಬಿ ಬರೆದಾಗ ಒಳಗೆ ಬಾಚಿ ಸುರಿಯೋದೂ ಸೇರಿ 3, 4 ಜಿಬಿ ಬರೆಯೋ ಹಾಗಾಗಬಹುದು. ಕೋಶ ಸವೆಯೋದು ಬರೆದು ಅಳಿಸೋದ್ರಿಂದ. ಓದೋದ್ರಿಂದ ಲೆಕ್ಕಕ್ಕೆ ಬರೋಷ್ಟು ಸವೆಯಲ್ಲ. ಹಾಗಾಗಿ ದಿನಾ ಗೇಮ್ ಹಾಕೋದು, ತೆಗೆಯೋದು ನಡೆಯೋ ನಿಮ್ಮ ಸೆಂಟರ್‌ಗೆ ಈ ವಿಷಯ ಒಬ್ಬ ಆಟಗಾರನಿಗಿಂತ ಮುಖ್ಯ.

20 ಜಿಬಿ ಬಿಡೋದು ಕೆಲಸ ಮಾಡುತ್ತೆ. ಟ್ರಿಮ್ ಸರಿ ಇದ್ರೆ ಪಾರ್ಟಿಷನ್ ಒಳಗಿನ ಖಾಲಿ ಜಾಗಕ್ಕೂ ಹೊರಗಿನ ಖಾಲಿ ಜಾಗಕ್ಕೂ ಡ್ರೈವ್‌ಗೆ ವ್ಯತ್ಯಾಸ ಇಲ್ಲ. ಒಳಗಿದ್ರೆ ಹುಡುಗ್ರು ತುಂಬಿಸ್ತಾರೆ, ಹೊರಗಿದ್ರೆ ಅವರ ಕೈಗೆ ಸಿಗಲ್ಲ ಅಷ್ಟೆ. ಆದ್ರೆ ಕ್ರಮ ಮುಖ್ಯ. ಮೊದಲು ಗೇಮ್ ಅಳಿಸಿ ಟ್ರಿಮ್ ಓಡಿಸಿ, ಆಮೇಲೆ ಪಾರ್ಟಿಷನ್ ಕುಗ್ಗಿಸಿ. ಟ್ರಿಮ್ ತಲುಪದೇ ಇದ್ದ ಜಾಗ ಹೊರಗೆ ಉಳಿದ್ರೆ ಡ್ರೈವ್ ಆ ಹಳೇ ಕಸವನ್ನ ಬೇಕಾದದ್ದು ಅಂತ ಕಾಯ್ತಾನೇ ಇರುತ್ತೆ.

---

ಸಾಲಗಾಮೆ ರೋಡ್

ಮೊದಲ ಹಂತ ಆಯ್ತು. ರೆಕಾರ್ಡಿಂಗ್ ಆಫ್, ಸ್ಟೀಮ್ ನಿಲ್ಲಿಸಿ ರೀಸ್ಟಾರ್ಟ್. 1 ನಿಮಿಷ 50 ಇದ್ದದ್ದು 1 ನಿಮಿಷ 10ಕ್ಕೆ ಬಂತು. ಒಂದು ಜಿಬಿಯೂ ಅಳಿಸದೇ ಇಷ್ಟು ಇಳಿಯುತ್ತೆ ಅಂದ್ಕೊಂಡಿರ್ಲಿಲ್ಲ.

ರೂಮ್‌ಮೇಟ್ ಹತ್ರ 1 ಟಿಬಿ ಹಾರ್ಡ್‌ಡಿಸ್ಕ್ ಇಸ್ಕೊಂಡೆ. ಎರಡು ಗೇಮ್ ಅಲ್ಲಿಗೆ ಹಾಕಿದೆ, 130 ಜಿಬಿ ಬಿಡ್ತು. ಇದಾದ ಮೇಲೆ ತಕ್ಷಣ ನೋಡಿದ್ರೆ ಇನ್ನೂ 1 ನಿಮಿಷದ ಆಸುಪಾಸೇ ಇದೆ. ಜಾಗ ಬಂದ ಕೂಡಲೇ ಸರಿ ಹೋಗ್ಬೇಕಿತ್ತಲ್ವಾ?

ಮತ್ತೆ ಸವೆತದ ಭಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಆರೋಗ್ಯ 86 ಅಂತಿದೆ, ಒಟ್ಟು ಬರೆದದ್ದು 18 ಟಿಬಿ.

---

ಕಣದ ಮನೆ

ಕೂಡಲೇ ಆಗಲ್ಲ. ಟ್ರಿಮ್ ಹೇಳೋದು ಈ ಪುಟಗಳು ಬೇಡ ಅಂತ ಮಾತ್ರ. ನಿಜವಾಗಿ ಅಳಿಸಿ ಬ್ಲಾಕ್ ಬರಿದು ಮಾಡೋದು ಡ್ರೈವ್ ತನ್ನ ಬಿಡುವು ನೋಡ್ಕೊಂಡು. ಅದಕ್ಕೆ ಕರೆಂಟ್ ಬೇಕು, ಸುಮ್ನಿರೋ ಹೊತ್ತೂ ಬೇಕು. ಆಟ ಮುಗಿದ ಕೂಡಲೇ ಮುಚ್ಚಳ ಮುಚ್ಚಿ ಸ್ಲೀಪ್‌ಗೆ ಹಾಕೋ ಅಭ್ಯಾಸ ಇದ್ರೆ ಡ್ರೈವ್‌ಗೆ ಆ ಹೊತ್ತು ಸಿಗೋದೇ ಇಲ್ಲ.

ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು ಎರಡೂ ಪಾರ್ಟಿಷನ್‌ಗೆ ಇದನ್ನ ಓಡಿಸಿ:

```
Optimize-Volume -DriveLetter C -ReTrim -Verbose
Optimize-Volume -DriveLetter D -ReTrim -Verbose
```

ಎಷ್ಟು ಜಿಬಿ ಟ್ರಿಮ್ ಆಯ್ತು ಅಂತ ಕೊನೆಗೆ ತೋರಿಸುತ್ತೆ. ಅದು ನಿಮ್ಮ ಖಾಲಿ ಜಾಗದ ಹತ್ತಿರ ಇರ್ಬೇಕು. ಆಮೇಲೆ ಸ್ಲೀಪ್ ಆಫ್ ಮಾಡಿ, ಚಾರ್ಜರ್ ಹಾಕಿ, ಏನೂ ತೆರೆಯದೇ ರಾತ್ರಿ ಹಾಗೇ ಬಿಡಿ. ಡಿಫ್ರಾಗ್ ಸಾಫ್ಟ್‌ವೇರ್ ಮಾತ್ರ ಓಡಿಸ್ಬೇಡಿ. ಅದು ಫೈಲ್‌ಗಳನ್ನ ಸುಮ್ನೆ ಹೊಸದಾಗಿ ಬರೆಯುತ್ತೆ, ಸವೆತ ಬಿಟ್ರೆ ಲಾಭ ಇಲ್ಲ.

ಆರೋಗ್ಯ 86 ಅಂದ್ರೆ ಕಂಪನಿ ಲೆಕ್ಕ ಹಾಕಿದ ಆಯಸ್ಸಿನಲ್ಲಿ 14 ಪಾಲು ಕಳೆದಿದೆ ಅಂತ. 512 ಜಿಬಿ ಕ್ಯೂಎಲ್‌ಸಿಗೆ 100 ಟಿಬಿಯಷ್ಟು ಬರಹದ ವಾರಂಟಿ ಕೊಟ್ಟ ಮಾಡೆಲ್‌ಗಳಿವೆ. ಎರಡು ವರ್ಷಕ್ಕೆ 18 ಟಿಬಿ ನಿಮ್ಮದು. ಅಂಥ ಮಾಡೆಲ್ ಆಗಿದ್ರೆ ಇದೇ ಓಟದಲ್ಲಿ ಇನ್ನೂ ಎಂಟು ಒಂಬತ್ತು ವರ್ಷದ ಬರಹ ಬಾಕಿ ಇದೆ. ನೀವು ವಾಪಸ್ ತರೋ 130 ಜಿಬಿ ಅದರಲ್ಲಿ 0.13 ಟಿಬಿ, ಅದಕ್ಕೆ ಹೆದರೋ ಅಗತ್ಯ ಇಲ್ಲ. ಆ 18 ಟಿಬಿ ವಿಂಡೋಸ್ ಕೊಟ್ಟ ಬರಹ ಮಾತ್ರ. ಡ್ರೈವ್ ಒಳಗೆ ಬಾಚಿ ಸುರಿದದ್ದು ಅದರಲ್ಲಿ ಬರಲ್ಲ. ಅದು ಸೇರೋದು ಆರೋಗ್ಯದ ಅಂಕಿಯಲ್ಲಿ, ಹಾಗಾಗಿ ತಿಂಗಳಿಗೊಮ್ಮೆ ಎರಡನ್ನೂ ಬರೆದಿಟ್ಟು ನೋಡಿ. ಬರಹ ಅಷ್ಟೇ ಇದ್ದು ಆರೋಗ್ಯ ಬೇಗ ಬೇಗ ಇಳಿದ್ರೆ ಒಳಗಿನ ಬಾಚಾಟ ಜಾಸ್ತಿ ಅಂತ ಅರ್ಥ.

---

ಸಾಲಗಾಮೆ ರೋಡ್

ರಾತ್ರಿ ಬಿಟ್ಟು ಬೆಳಗ್ಗೆ ನೋಡಿದೆ ಅಕ್ಕ, 38 ಸೆಕೆಂಡ್! ಪ್ರತಿಕ್ರಿಯೆ ಸಮಯ 1, 2 ಮಿಲಿಸೆಕೆಂಡ್ ದಾಟ್ತಿಲ್ಲ. ಕಟ್ಟಡಗಳು ಮಸುಕಾಗೋದೂ ನಿಂತಿದೆ. ಸಿ-ಯಲ್ಲಿ ಜಾಗ ಆದ ಮೇಲೆ `pagefile.sys` ಇನ್ನೂ ಬರೀತಿದೆ, ಆದ್ರೆ ಅದರಿಂದ ಏನೂ ಅಡ್ಡಿ ಕಾಣ್ತಿಲ್ಲ.

ಮೊದಲು ಅರ್ಧ ನಿಮಿಷದೊಳಗೆ ಆಗ್ತಿತ್ತು. ಈ ಉಳಿದ ಎಂಟು ಸೆಕೆಂಡ್ ಏನು?

---

ಹಾಸನ್ ಪಿಸಿ ಬಿಲ್ಡ್

ಗೇಮ್‌ಗೆ ಅಪ್‌ಡೇಟ್ ಮೇಲೆ ಅಪ್‌ಡೇಟ್ ಬಂದಿದೆ, ಲೋಡ್ ಆಗೋ ಸಾಮಾನೇ ಹೆಚ್ಚಿರುತ್ತೆ ತಮ್ಮಾ. ಕಾರಣ ಡ್ರೈವ್‌ನಲ್ಲೇ ಇರ್ಬೇಕು ಅಂತಿಲ್ಲ. ಅಕ್ಕನವ್ರು ಹೇಳಿದ್ದು ಒಪ್ತೀನಿ, ಬೆಂಚ್‌ಮಾರ್ಕ್ ಓಡುವಾಗ ಪಕ್ಕದಲ್ಲಿ ಬರಹ ನಡೆಸಿ ನಾನು ಯಾವತ್ತೂ ನೋಡಿರ್ಲಿಲ್ಲ. ನಾಳೆ ಅಂಗಡಿಯಲ್ಲಿ ಒಂದು ತುಂಬಿದ ಡ್ರೈವ್‌ಗೆ ಫೈಲ್ ಕಾಪಿ ಹಾಕಿ, ಅದೇ ಹೊತ್ತಿಗೆ ಓದು ಅಳೀತೀನಿ.

---

ಕಣದ ಮನೆ

ಅದೂ ಇರಬಹುದು. ಇನ್ನೊಂದು ಸಾಧ್ಯತೆ, ಈ ಗೇಮ್‌ನ ಫೈಲ್‌ಗಳು ಬಹಳ ದಿನದಿಂದ ಅದೇ ಕೋಶಗಳಲ್ಲಿ ಕೂತಿವೆ. ಕೋಶದ ವಿದ್ಯುದಂಶ ನಿಧಾನಕ್ಕೆ ಸೋರುತ್ತೆ, ಡ್ರೈವ್ ಒಂದೇ ಸಲಕ್ಕೆ ಸರಿಯಾಗಿ ಓದೋಕಾಗದೇ ಮತ್ತೆ ಮತ್ತೆ ಓದ್ಬೇಕಾಗುತ್ತೆ. 2014ರಲ್ಲಿ ಸ್ಯಾಮ್‌ಸಂಗ್ 840 ಇವೊದಲ್ಲಿ ಹಳೇ ಫೈಲ್‌ಗಳ ಓದು ಹೀಗೇ ನಿಧಾನ ಆಗಿ, ಅವರು ಫರ್ಮ್‌ವೇರ್ ಕೊಟ್ರು, 2015ರಲ್ಲಿ ಮತ್ತೊಮ್ಮೆ ಕೊಟ್ರು. ಇದಕ್ಕೂ ಖಾಲಿ ಜಾಗಕ್ಕೂ ನೇರ ಸಂಬಂಧ ಇಲ್ಲ. ನೋಡ್ಬೇಕಂದ್ರೆ ಗೇಮನ್ನ ಹಾರ್ಡ್‌ಡಿಸ್ಕ್‌ಗೆ ಮೂವ್ ಮಾಡಿ, ವಾಪಸ್ ತನ್ನಿ. ಫೈಲ್‌ಗಳು ಹೊಸ ಕೋಶಗಳಲ್ಲಿ ಕೂರ್ತವೆ.

---

ಸಾಲಗಾಮೆ ರೋಡ್

ಮಾಡಿದೆ. ವಾಪಸ್ ತಂದ ದಿನ 33 ಸೆಕೆಂಡ್. ಒಂದು ವಾರ ಬಿಟ್ಟು ಇವತ್ತು ನೋಡಿದ್ರೆ 36.

---

ಕಣದ ಮನೆ

33 ಬಂದ ದಿನ ಒಂದಷ್ಟು ಫೈಲ್ ಇನ್ನೂ ಎಸ್‌ಎಲ್‌ಸಿ ಕ್ಯಾಶ್‌ನಲ್ಲೇ ಇದ್ದಿರಬಹುದು, ಅಲ್ಲಿಂದ ಓದೋದೂ ವೇಗ. ವಾರದಲ್ಲಿ ಅದು ನಾಲ್ಕು ಬಿಟ್‌ಗೆ ಇಳಿದಿರುತ್ತೆ. ಹಾಗಾದ್ರೆ 38ರಿಂದ 36ಕ್ಕೆ ಬಂದ ಎರಡು ಸೆಕೆಂಡ್ ಹಳೇ ಕೋಶದ್ದೋ, ಅಳತೆಯ ಏರುಪೇರೋ ಹೇಳೋದು ಕಷ್ಟ. ಅದೇ ಸೇವ್, ಪ್ರತಿ ಸಲ ರೀಸ್ಟಾರ್ಟ್ ಮಾಡಿ ಮೂರು ನಾಲ್ಕು ಸಲ ಅಳೆದ್ರೆ ಏರುಪೇರು ಎಷ್ಟು ಅಂತ ತಿಳಿಯುತ್ತೆ. ರೀಸ್ಟಾರ್ಟ್ ಮಾಡದಿದ್ರೆ ವಿಂಡೋಸ್ ರ‍್ಯಾಮ್‌ನಿಂದಲೇ ಕೊಟ್ಟು ಸುಳ್ಳು ಅಂಕಿ ಬರುತ್ತೆ.

---

ಸಕಲೇಶಪುರ ಘಾಟ್

ಮೇಡಂ, ನಾಲ್ಕು ಸಿಸ್ಟಮ್‌ಗೆ 20 ಜಿಬಿ ಹೊರಗೆ ಬಿಟ್ಟೆ, ನೀವು ಹೇಳಿದ ಕ್ರಮದಲ್ಲೇ. ಒಂದು ತೊಡಕು. ಯುಎಸ್‌ಬಿ ಕೇಸ್‌ನಲ್ಲಿ ಹಾಕಿಟ್ಟ ಒಂದು ಎಸ್‌ಎಸ್‌ಡಿ ಇದೆ, ಗೇಮ್ ಕಾಪಿ ಮಾಡೋಕೆ. ಅದರ ಮೇಲೆ ಟ್ರಿಮ್ ಓಡಿಸಿದ್ರೆ ಸಪೋರ್ಟ್ ಇಲ್ಲ ಅಂತ ಬರ್ತಿದೆ. ಡ್ರೈವ್ ಕೆಟ್ಟಿದ್ಯಾ?

---

ಕಣದ ಮನೆ

ಡ್ರೈವ್ ಕೆಟ್ಟಿಲ್ಲ. ಕೇಸ್ ಒಳಗಿನ ಚಿಪ್ ಟ್ರಿಮ್ ಮಾತನ್ನ ದಾಟಿಸ್ತಿಲ್ಲ, ಅಗ್ಗದ ಕೇಸ್‌ಗಳಲ್ಲಿ ಇದು ಸಾಮಾನ್ಯ. ಆ ಡ್ರೈವನ್ನ ಬಿಚ್ಚಿ ಒಂದು ಸಿಸ್ಟಮ್‌ನ ಸಾಟಾ ಪೋರ್ಟ್‌ಗೆ ನೇರ ಹಾಕಿ ಟ್ರಿಮ್ ಓಡಿಸಿ. ಹೊಸ ಕೇಸ್ ತಗೊಳ್ಳೋದಾದ್ರೆ ಲಿನಕ್ಸ್ ಇರೋ ಸಿಸ್ಟಮ್‌ಗೆ ಚುಚ್ಚಿ `lsblk -D` ಕೊಟ್ಟು ನೋಡಿ. `DISC-GRAN`, `DISC-MAX` ಎರಡೂ ಸೊನ್ನೆ ಬಂದ್ರೆ ಆ ಕೇಸ್‌ನಲ್ಲೂ ಟ್ರಿಮ್ ದಾಟಲ್ಲ, ವಾಪಸ್ ಕೊಡಿ.

---

ಬೇಲೂರ್ ಬಾಯ್

ಅಕ್ಕ, ನನ್ನ ಡೆಸ್ಕ್‌ಟಾಪ್‌ನಲ್ಲಿ ಟ್ರಿಮ್ ಮಾಡಿದ ಮೇಲೆ ವೇಗ ಬಂದಿದ್ದು ನಿಜ. ಈಗ ಯೋಚಿಸಿದ್ರೆ, ಅವತ್ತೇ ರೀಸೈಕಲ್ ಬಿನ್‌ನಲ್ಲಿದ್ದ 60 ಜಿಬಿಯನ್ನೂ ಬರಿದು ಮಾಡಿದ್ದೆ. ಯಾವುದರಿಂದ ಆಯ್ತು ಅಂತ ಹೇಗೆ ತಿಳ್ಕೊಳ್ಳೋದು?

---

ಕಣದ ಮನೆ

ಆ ದಿನದ್ದನ್ನ ಈಗ ಬೇರ್ಪಡಿಸೋಕೆ ಆಗಲ್ಲ. ಟ್ರಿಮ್ ಮೊದಲೇ ಆನ್ ಇದ್ದಿದ್ರೆ ಬಿನ್ ಬರಿದು ಮಾಡಿದ ಕೂಡಲೇ ಅದು ತಾನಾಗೇ ಹೋಗಿರುತ್ತೆ, ನೀವು ಕೈಯಿಂದ ಓಡಿಸಿದ್ದು ಎರಡನೇ ಸಲ. ನನ್ನ ಅಂದಾಜು ಆ 60 ಜಿಬಿಯ ಕಡೆಗೇ.